ಮಗ್ಗದ ಪಕ್ಕ ಇಟ್ಟ ಚಹಾ ಯಾಕೆ ಇಷ್ಟು ಬೇಗ ಆರುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಇಳಕಲ್. ನಮ್ಮ ಮನೆಯವರು ಕೈಮಗ್ಗದಲ್ಲಿ ಸೀರೆ ನೇಯುತ್ತಾರೆ. ಚಹಾ ಕೊಟ್ಟರೆ ಪಕ್ಕದಲ್ಲಿ ಇಟ್ಟುಕೊಂಡು, ಕೈಯಲ್ಲಿದ್ದ ಕೆಲಸ ಮುಗಿಸಿಯೇ ಕುಡಿಯುವುದು. ಹದಿನೈದು ನಿಮಿಷದಲ್ಲಿ ಅದು ಆರಿರುತ್ತದೆ, ಮತ್ತೆ ಕಾಯಿಸಬೇಕು. ಸ್ಟೀಲ್ ಲೋಟದಲ್ಲಿ ಬೇಗ ಆರುತ್ತದೆ ಅಂತ ಪಿಂಗಾಣಿ ಕಪ್ ತಂದೆ, ಅದರಲ್ಲೂ ಅಷ್ಟೇ. ಬಶಿ ಮುಚ್ಚಿದರೆ ಆವಿ ನೀರಾಗಿ ಬಿದ್ದು ರುಚಿ ಕೆಡುತ್ತದೆ ಅಂತಾರೆ. ಅತ್ತೆಯವರ ಕರಿ ಚಹಾ ಇನ್ನೂ ಬೇಗ ಆರುತ್ತದೆ. ಕಪ್ಪು ಬಣ್ಣ ಬೇಗ ಶಾಖ ಬಿಡುತ್ತದೆ ಅಂತ ಹತ್ತನೇ ಕ್ಲಾಸಿನ ಮಗಳು ಹೇಳುತ್ತಾಳೆ. ಹಾಲು ಬೇರೆ ಇಟ್ಟು ಕುಡಿಯುವಾಗ ಹಾಕಿಕೊಂಡರೆ ಬಿಸಿ ಉಳಿಯುತ್ತದೆ ಅಂತ ಮೈದುನ. ಯಾರ ಮಾತು ಸರಿ? ಫ್ಲಾಸ್ಕ್ ತರಲೇಬೇಕಾ?

ಉತ್ತರ: ಫ್ಲಾಸ್ಕಿಗೆ ಈಗಲೇ ದುಡ್ಡು ಹಾಕಬೇಡಿ. ಮನೆಯಲ್ಲಿರುವ ಸ್ಟೀಲ್ ಲೋಟವನ್ನೇ ವಾಪಸ್ ತೆಗೆಯಿರಿ, ಅದರ ಬಾಯಿಗೆ ಸರಿಯಾಗಿ ಕೂರುವ ಒಂದು ಸ್ಟೀಲ್ ಮುಚ್ಚಳ ಹುಡುಕಿ. ನಿಮ್ಮ ಮನೆಯವರ ಚಹಾ ಅರ್ಧ ಗಂಟೆ ಕುಡಿಯುವ ಬಿಸಿಯಲ್ಲಿ ಇರುತ್ತದೆ. ಯಾಕೆ ಅಂತ ಹೇಳುತ್ತೇನೆ. ಯಾಕೆ ಎನ್ನುವುದು ತಿಳಿದರೆ ಕಪ್, ಹಾಲು, ಬಣ್ಣ ಎಲ್ಲದರ ಪ್ರಶ್ನೆಗೂ ಉತ್ತರ ತಾನಾಗಿ ಸಿಗುತ್ತದೆ.

ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೆ ಶಾಖದ ಪಾಠ ಹೇಳುವವನು. ಲೋಟದ ಚಹಾ ಹೇಗೆ ಆರುತ್ತದೆ ಅಂತ ಕೇಳಿದರೆ ಹೆಚ್ಚಿನ ಹುಡುಗರು ಲೋಟದ ಗೋಡೆಯನ್ನು ತೋರಿಸುತ್ತಾರೆ. ಮುಟ್ಟಿದರೆ ಬಿಸಿ ಹತ್ತುವುದು ಅದೇ ಅಲ್ವಾ, ಹಾಗಾಗಿ ಶಾಖ ಅಲ್ಲಿಂದಲೇ ಹೋಗುತ್ತಿದೆ ಅನ್ನಿಸುತ್ತದೆ. ಆದರೆ ಬಿಸಿ ಚಹಾದ ಶಾಖದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಮೇಲಿನಿಂದ. ಅದೂ ಆವಿಯ ರೂಪದಲ್ಲಿ.

ನೀರು ಆವಿಯಾಗಬೇಕಾದರೆ ತುಂಬಾ ಶಾಖ ಬೇಕು. ಆ ಶಾಖವನ್ನು ಅದು ಉಳಿದ ಚಹಾದಿಂದಲೇ ಕಿತ್ತುಕೊಂಡು ಹೋಗುತ್ತದೆ. ಎಷ್ಟು ಅಂದರೆ, ನಿಮ್ಮ 120 ಮಿಲಿ ಚಹಾದಲ್ಲಿ ಬರೀ ಒಂದು ಗ್ರಾಂ ನೀರು ಆವಿಯಾಗಿ ಹೋದರೆ ಉಳಿದ ಚಹಾ ಸುಮಾರು ನಾಲ್ಕೂವರೆ ಡಿಗ್ರಿ ತಣ್ಣಗಾಗುತ್ತದೆ. ಒಂದು ಗ್ರಾಂ ಅಂದರೆ ಇಪ್ಪತ್ತು ಹನಿ. ಲೋಟ ನೋಡಿದರೆ ಚಹಾ ಕಡಿಮೆಯಾಗಿದೆ ಅಂತ ಗೊತ್ತೇ ಆಗುವುದಿಲ್ಲ, ಬಿಸಿ ಮಾತ್ರ ಹೋಗಿರುತ್ತದೆ.

ಇದನ್ನು ನಿಮ್ಮ ಮನೆಯಲ್ಲೇ ನೋಡಬಹುದು. ರೇಷ್ಮೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ, ಅದರ ಮೇಲೆ ಒಂದು ಮಡಚಿದ ಬಟ್ಟೆ ಹಾಕಿ, ಬಿಸಿ ಚಹಾದ ಲೋಟ ಇಡಿ. ತೂಕ ಬರೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಬಾಯಿ ತೆರೆದ ಲೋಟದಲ್ಲಿ ಸುಮಾರು 3 ಗ್ರಾಂ ಕಡಿಮೆಯಾಗಿರುತ್ತದೆ. ಈಗ ಲೆಕ್ಕ ಹಾಕಿ. ಆ 3 ಗ್ರಾಂ ಆವಿ ಒಂದೇ ಚಹಾವನ್ನು ಹದಿಮೂರು ಹದಿನಾಲ್ಕು ಡಿಗ್ರಿ ಇಳಿಸಿರುತ್ತದೆ. ಅಷ್ಟು ಹೊತ್ತಿನಲ್ಲಿ ಚಹಾ ಒಟ್ಟು ಇಳಿದಿರುವುದು ಇಪ್ಪತ್ತು ಇಪ್ಪತ್ತೆರಡು ಡಿಗ್ರಿ. ಉಳಿದದ್ದು ಮಾತ್ರ ಲೋಟದ ಗೋಡೆ, ತಳ ಮತ್ತು ಮೇಲಿನ ಗಾಳಿಯ ಪಾಲು. ತಕ್ಕಡಿ ಮೇಲೆ ಫ್ಯಾನಿನ ಗಾಳಿ ಬೀಳದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅಂಕಿ ಕುಣಿಯುತ್ತದೆ.

ಮುಚ್ಚಳದ ಕೆಲಸ ಇಲ್ಲಿದೆ. ಬಿಸಿ ಮೇಲಕ್ಕೆ ಹೋಗುತ್ತದೆ, ಮುಚ್ಚಳ ಅದನ್ನು ತಡೆಯುತ್ತದೆ ಅಂತ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಮುಚ್ಚಳ ತಡೆಯುವುದು ಆವಿಯನ್ನು. ಮುಚ್ಚಿದ ಮೇಲೆ ಮೊದಲ ಆವಿ ಹೋಗಿ ಮುಚ್ಚಳದ ಒಳಮೈಗೆ ತಗುಲಿ ಹನಿಯಾಗುತ್ತದೆ. ಹನಿಯಾಗುವಾಗ ತಾನು ಹೊತ್ತು ತಂದ ಶಾಖವನ್ನು ಮುಚ್ಚಳಕ್ಕೆ ಕೊಡುತ್ತದೆ. ಮುಚ್ಚಳ ಬಿಸಿಯಾಗುತ್ತದೆ. ಬಿಸಿಯಾದ ಮುಚ್ಚಳದ ಮೇಲೆ ಆವಿ ಮೊದಲಿನಷ್ಟು ಜೋರಾಗಿ ಹನಿಯಾಗುವುದಿಲ್ಲ. ಒಳಗಿನ ಗಾಳಿಯಲ್ಲೂ ಆವಿ ತುಂಬಿರುತ್ತದೆ, ಹಾಗಾಗಿ ಚಹಾದಿಂದ ಹೊಸ ಆವಿ ಏಳುವುದು ಬಹುತೇಕ ನಿಲ್ಲುತ್ತದೆ. ಇನ್ನು ಮೇಲಿನಿಂದ ಹೋಗುವ ಶಾಖವೆಂದರೆ ಬಿಸಿ ಮುಚ್ಚಳ ಹೊರಗಿನ ಗಾಳಿಗೆ ಕೊಡುವಷ್ಟು ಮಾತ್ರ. ಅದು ತೆರೆದ ಬಾಯಿಯಿಂದ ಹೋಗುತ್ತಿದ್ದದ್ದರ ಹತ್ತನೇ ಒಂದು ಪಾಲು ಅಂದುಕೊಳ್ಳಿ.

ಹನಿ ಬಿದ್ದು ರುಚಿ ಕೆಡುತ್ತದೆ ಎನ್ನುವ ನಿಮ್ಮ ಮನೆಯವರ ಮಾತಿಗೆ ಬರೋಣ. ಆ ಹನಿ ಹೊರಗಿನ ನೀರಲ್ಲ, ಅದೇ ಚಹಾದ ನೀರು. ಎಲ್ಲಾ ಹನಿ ವಾಪಸ್ ಬಿದ್ದರೂ ಚಹಾ ಲೋಟಕ್ಕೆ ಹಾಕಿದಾಗ ಎಷ್ಟು ಗಟ್ಟಿ ಇತ್ತೋ ಅಷ್ಟೇ ಗಟ್ಟಿ ಇರುತ್ತದೆ. ಶುಂಠಿ, ಏಲಕ್ಕಿ ಹಾಕಿದ್ದರೆ ಅದರ ಪರಿಮಳವೂ ಆವಿಯ ಜೊತೆ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಅವರಿಗೆ ರುಚಿ ಬೇರೆ ಅನ್ನಿಸುವುದು ಸುಳ್ಳಲ್ಲ, ಅದಕ್ಕೆ ಮುಚ್ಚಳವೇ ಕಾರಣ ಇರಬಹುದು. ಸರಿಯಾಗಿ ತೊಳೆಯದ ಮುಚ್ಚಳದ ಅಂಚಿನಲ್ಲಿ ಹಳೇ ಹಾಲಿನ ಜಿಡ್ಡು ಇರುತ್ತದೆ, ಪ್ಲಾಸ್ಟಿಕ್ ಮುಚ್ಚಳವಾದರೆ ಬಿಸಿಗೆ ಅದರ ವಾಸನೆಯೂ ಸೇರುತ್ತದೆ. ಶುಭ್ರವಾದ ಸ್ಟೀಲ್ ಮುಚ್ಚಳದಲ್ಲಿ ಒಮ್ಮೆ ಕೊಟ್ಟು ನೋಡಿ.

ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ಒಂದೆರಡು ನಿಮಿಷದ ನಂತರ ಮುಚ್ಚಳ ಮುಟ್ಟಿ, ಸುತ್ತಲೂ ಒಂದೇ ಸಮ ಬಿಸಿ ಇರಬೇಕು. ಒಂದು ಕಡೆಯಿಂದ ಆವಿ ಎಳೆಯಾಗಿ ಏಳುತ್ತಿದ್ದರೆ ಅಲ್ಲಿ ಸಂದಿ ಇದೆ. ಕೂದಲೆಳೆಯಷ್ಟು ಸಂದಿಗೆ ಚಿಂತೆ ಬೇಡ. ಆದರೆ ಬಶಿಯನ್ನು ಓರೆಯಾಗಿ ಇಟ್ಟು, ಬೆರಳು ತೂರುವಷ್ಟು ಜಾಗ ಬಿಟ್ಟರೆ ಲಾಭ ತುಂಬಾ ಕಡಿಮೆಯಾಗುತ್ತದೆ, ಫ್ಯಾನ್ ಓಡುತ್ತಿದ್ದರೆ ಇನ್ನೂ ಕಡಿಮೆ. ಬಟ್ಟೆ ಮುಚ್ಚುವುದೂ ಉಪಯೋಗಕ್ಕೆ ಬರುವುದಿಲ್ಲ. ಆವಿ ಬಟ್ಟೆಯ ಎಳೆಗಳ ನಡುವಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ.

ಈಗ ಕಪ್ಪಿನ ವಿಷಯ. ಸ್ಟೀಲಿನಲ್ಲಿ ಬೇಗ ಆರುತ್ತದೆ ಎನ್ನುವುದು ನಮ್ಮ ಕಡೆ ಎಲ್ಲರೂ ನಂಬಿರುವ ಮಾತು. ಸ್ಟೀಲ್ ಲೋಟ ಕೈ ಸುಡುತ್ತದೆ, ಪಿಂಗಾಣಿ ಅಷ್ಟು ಸುಡುವುದಿಲ್ಲ, ಆದ್ದರಿಂದ ಸ್ಟೀಲ್ ಜಾಸ್ತಿ ಶಾಖ ಬಿಡುತ್ತಿದೆ ಎನ್ನುವುದು ತರ್ಕ. ಸ್ಟೀಲಿನಲ್ಲಿ ಶಾಖ ಬೇಗ ಹರಿಯುತ್ತದೆ ಎನ್ನುವುದು ನಿಜ. ಅದಕ್ಕೇ ನಿಮ್ಮ ಬೆರಳಿಗೆ ಅದು ಬೇಗ ಮುಟ್ಟುತ್ತದೆ. ಆದರೆ ಲೋಟ ಇರುವುದು ಬೆರಳಿನ ನಡುವೆ ಅಲ್ಲ, ಗಾಳಿಯ ನಡುವೆ. ಲೋಟದ ಹೊರಮೈಗೆ ಅಂಟಿಕೊಂಡಂತೆ ಇರುವ ಗಾಳಿಯ ಪದರ ಶಾಖವನ್ನು ಬಹಳ ನಿಧಾನವಾಗಿ ಒಯ್ಯುತ್ತದೆ. ಮೂರು ಮಿಲಿಮೀಟರ್ ದಪ್ಪದ ಪಿಂಗಾಣಿ ಗೋಡೆ ಒಡ್ಡುವ ತಡೆಗಿಂತ ಆ ಗಾಳಿ ಒಡ್ಡುವ ತಡೆ ನಲವತ್ತು ಪಟ್ಟು ಜಾಸ್ತಿ. ಹಾಗಿರುವಾಗ ಗೋಡೆ ಸ್ಟೀಲಿನದಾದರೇನು, ಪಿಂಗಾಣಿಯದಾದರೇನು, ಹೋಗುವ ಶಾಖದಲ್ಲಿ ಅದರಿಂದ ವ್ಯತ್ಯಾಸ ಬರುವುದಿಲ್ಲ.

ಇನ್ನೊಂದು ಮಾತು ಸ್ಟೀಲಿನ ಪರವಾಗಿಯೇ ಇದೆ. ಬಿಸಿ ವಸ್ತು ಗಾಳಿಗೆ ಶಾಖ ಕೊಡುವುದರ ಜೊತೆಗೆ ಕಣ್ಣಿಗೆ ಕಾಣದ ಕಿರಣಗಳ ಮೂಲಕವೂ ಶಾಖ ಬಿಡುತ್ತದೆ. ಹೊಳೆಯುವ ಸ್ಟೀಲ್ ಈ ಕಿರಣಗಳನ್ನು ಬಿಡುವುದು ಬಹಳ ಕಡಿಮೆ. ಪಿಂಗಾಣಿ, ಗಾಜು, ಮಣ್ಣಿನ ಲೋಟ ಇವೆಲ್ಲ ಧಾರಾಳವಾಗಿ ಬಿಡುತ್ತವೆ. ಅದರಿಂದ ಒಂದೇ ಅಳತೆಯ, ಒಂದೇ ಬಿಸಿಯ ಲೋಟಗಳಲ್ಲಿ, ಹೊಳೆಯುವ ಸ್ಟೀಲಿನ ಗೋಡೆಯಿಂದ ಹೋಗುವ ಶಾಖ ಪಿಂಗಾಣಿಯ ಗೋಡೆಯಿಂದ ಹೋಗುವುದಕ್ಕಿಂತ ಸಾಕಷ್ಟು ಕಡಿಮೆ.

ಹಾಗಾದರೆ ಕಪ್ಪಿನಿಂದ ಏನೂ ವ್ಯತ್ಯಾಸ ಇಲ್ಲವೇ? ಇದೆ, ದೊಡ್ಡ ವ್ಯತ್ಯಾಸವೇ ಇದೆ. ಅದು ಆಗುವುದು ಮೊದಲ ಒಂದೆರಡು ನಿಮಿಷದಲ್ಲಿ. ತಣ್ಣಗಿನ ಕಪ್ ತಾನು ಬಿಸಿಯಾಗುವುದಕ್ಕೆ ಚಹಾದ ಶಾಖವನ್ನೇ ತೆಗೆದುಕೊಳ್ಳುತ್ತದೆ. ಕಪ್ ಎಷ್ಟು ಭಾರವೋ ಅಷ್ಟು ಜಾಸ್ತಿ ತೆಗೆದುಕೊಳ್ಳುತ್ತದೆ.

ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ನಮ್ಮ ಕಡೆ ಸಮುದ್ರಮಟ್ಟದಿಂದ ಎತ್ತರ ಇರುವುದರಿಂದ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ. ಬೆಳಗಾವಿಯಲ್ಲಿ 97-98 ಡಿಗ್ರಿಯ ಆಸುಪಾಸು, ನಿಮ್ಮಲ್ಲಿ ಸ್ವಲ್ಪ ಮೇಲೆ. ಚಹಾ ಸೋಸುವಾಗ ಸಣ್ಣ ಧಾರೆಯಾಗಿ ಗಾಳಿಯಲ್ಲಿ ಇಳಿಯುತ್ತದೆ, ಅಲ್ಲಿ ಕೆಲವು ಡಿಗ್ರಿ ಹೋಗುತ್ತದೆ. ಲೋಟಕ್ಕೆ ಬೀಳುವಾಗ 90 ಡಿಗ್ರಿ ಅಂದುಕೊಳ್ಳೋಣ. ಚಹಾ 120 ಮಿಲಿ, ಕೋಣೆಯ ಬಿಸಿ 25 ಡಿಗ್ರಿ.

ಈ ಚಹಾವನ್ನು 200 ಗ್ರಾಂ ತೂಕದ ಪಿಂಗಾಣಿ ಕಪ್ಪಿಗೆ ಹಾಕಿದರೆ, ಕಪ್ ಮತ್ತು ಚಹಾ ಒಂದೇ ಬಿಸಿಗೆ ಬರುವ ಹೊತ್ತಿಗೆ ಅದು 74 ಡಿಗ್ರಿಯ ಹತ್ತಿರ ಇಳಿದಿರುತ್ತದೆ. ಇನ್ನೂ ಒಂದು ಗುಟುಕು ಕುಡಿದಿಲ್ಲ, ಆಗಲೇ ಹದಿನಾರು ಡಿಗ್ರಿ ಹೋಯಿತು! ಅದೇ ಚಹಾ 60 ಗ್ರಾಂ ತೂಕದ ತೆಳು ಸ್ಟೀಲ್ ಲೋಟಕ್ಕೆ ಬಿದ್ದರೆ 86ಕ್ಕೆ ನಿಲ್ಲುತ್ತದೆ. ಬರೀ ನಾಲ್ಕು ಡಿಗ್ರಿ. ಹೋಟೆಲಿನ ದಪ್ಪ ತಳದ ಗಾಜಿನ ಗ್ಲಾಸು ಇವೆರಡರ ನಡುವೆ ಬರುತ್ತದೆ. ಪೇಪರ್ ಕಪ್ಪಿಗೆ ತೂಕವೇ ಇಲ್ಲ, ಅದು ಬಹುತೇಕ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಪೇಪರ್ ಕಪ್ಪಿನ ಚಹಾ ಮೊದಲ ಗುಟುಕಿಗೇ ನಾಲಿಗೆ ಸುಡುವುದು.

ಪಿಂಗಾಣಿ ಕಪ್ಪಿಗೂ ಒಂದು ನ್ಯಾಯ ಹೇಳಬೇಕು. ಅದು ತೆಗೆದುಕೊಂಡ ಶಾಖ ಕಳೆದುಹೋಗುವುದಿಲ್ಲ, ಕಪ್ಪಿನಲ್ಲೇ ಇರುತ್ತದೆ. ಚಹಾ ಇಳಿಯುತ್ತಾ ಹೋದಂತೆ ಕಪ್ ಆ ಶಾಖವನ್ನು ಸ್ವಲ್ಪ ಸ್ವಲ್ಪವೇ ವಾಪಸ್ ಕೊಡುತ್ತದೆ. ಆದ್ದರಿಂದ ಒಮ್ಮೆ ಇಳಿದ ಮೇಲೆ ಪಿಂಗಾಣಿಯ ಚಹಾ ನಿಧಾನವಾಗಿ ಆರುತ್ತದೆ. ಪಿಂಗಾಣಿಯೇ ಇಷ್ಟ ಎನ್ನುವವರು ಚಹಾ ಹಾಕುವ ಮೊದಲು ಕಪ್ಪಿಗೆ ಕುದಿ ನೀರು ತುಂಬಿಸಿ ಒಂದು ನಿಮಿಷ ಬಿಟ್ಟು ಚೆಲ್ಲಬೇಕು. ಮೊದಲೇ ಬಿಸಿಯಾದ ಕಪ್ ಚಹಾದಿಂದ ಕೇಳುವುದು ತುಂಬಾ ಕಡಿಮೆ. ತಣ್ಣೀರಿನಲ್ಲಿ ತೊಳೆದು ಹಾಗೇ ಒದ್ದೆ ಇರುವಾಗ ಚಹಾ ಹಾಕುವುದು ಇದಕ್ಕೆ ತೀರಾ ಉಲ್ಟಾ.

ಇಲ್ಲಿಗೆ ಬಂದ ಮೇಲೆ ನಾಲ್ಕು ರೀತಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಬಹುದು. ಇವು ಲೆಕ್ಕ ಹಾಕಿ ತೆಗೆದ ಅಂಕಿಗಳು, ನಿಮ್ಮ ಲೋಟದ ಬಾಯಿ, ಗಾಳಿ ನೋಡಿ ಎರಡು ಮೂರು ಡಿಗ್ರಿ ಆಚೀಚೆ ಆಗುತ್ತದೆ. ಫ್ಯಾನ್ ಇಲ್ಲ, ಲೋಟದ ಬಾಯಿ ಏಳು ಸೆಂಟಿಮೀಟರ್. ತೆರೆದ ಪಿಂಗಾಣಿ ಕಪ್ಪಿನಲ್ಲಿ ಹದಿನೈದು ನಿಮಿಷದ ನಂತರ ಚಹಾ 52-53 ಡಿಗ್ರಿ. ತೆರೆದ ಸ್ಟೀಲ್ ಲೋಟದಲ್ಲಿ 56. ನೋಡಿ, ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ನೀವು ಕಪ್ ಬದಲಾಯಿಸಿದರೂ ಲಾಭ ಕಾಣದೇ ಇದ್ದದ್ದು ಇದಕ್ಕೇ. ಮುಚ್ಚಳ ಹಾಕಿದ ಸ್ಟೀಲ್ ಲೋಟದಲ್ಲಿ ಅದೇ ಹದಿನೈದು ನಿಮಿಷದ ನಂತರ ಚಹಾ 70ರ ಹತ್ತಿರ ಇರುತ್ತದೆ. ಅರ್ಧ ಗಂಟೆ ಕಳೆದರೂ 60. ಮುಚ್ಚಿದ ಪಿಂಗಾಣಿ ಕಪ್ ಇದಕ್ಕಿಂತ ಕೆಳಗೆ, ಯಾಕೆಂದರೆ ಅದು ಶುರುವಾಗಿದ್ದೇ ಕೆಳಗಿನಿಂದ.

ಫ್ಯಾನ್ ಇದ್ದರೆ ಈ ಲೆಕ್ಕ ಕೆಡುತ್ತದೆ. ಮಗ್ಗದ ಮನೆಯಲ್ಲಿ ಬೇಸಿಗೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದಕ್ಕೆ ಆಗುವುದಿಲ್ಲ, ಅದು ಗೊತ್ತು. ಚಹಾದ ಮೇಲೆ ನಿಂತಿರುವ ಆವಿ ತುಂಬಿದ ಗಾಳಿಯನ್ನು ಫ್ಯಾನ್ ಹೊತ್ತು ಹೊತ್ತಿಗೂ ಗುಡಿಸಿ ಹಾಕುತ್ತದೆ, ಆ ಜಾಗಕ್ಕೆ ಒಣ ಗಾಳಿ ಬರುತ್ತದೆ, ಚಹಾ ಮತ್ತೆ ಆವಿ ಬಿಡುತ್ತದೆ. ಊದಿ ಕುಡಿಯುವಾಗ ನಾವು ಮಾಡುವುದೂ ಇದನ್ನೇ. ತೆರೆದ ಲೋಟವನ್ನು ಫ್ಯಾನಿನ ಕೆಳಗಿಟ್ಟರೆ ಹದಿನೈದು ನಿಮಿಷಕ್ಕೆ ಅದು ಉಗುರು ಬೆಚ್ಚಗಾಗಿರುತ್ತದೆ. ನಿಮ್ಮ ಮನೆಯಲ್ಲಿ ಮತ್ತೆ ಕಾಯಿಸುವ ಹಾಗೆ ಆಗುತ್ತಿರುವುದು ಫ್ಯಾನಿನಿಂದಲೇ ಎನ್ನುವುದು ನನ್ನ ಅನುಮಾನ. ಮುಚ್ಚಳ ಹಾಕಿದರೆ ಫ್ಯಾನಿನ ಈ ಕೆಲಸ ನಿಲ್ಲುತ್ತದೆ. ಲೋಟದ ಗೋಡೆಗೆ ಗಾಳಿ ಬಡಿಯುವುದು ಮಾತ್ರ ಉಳಿಯುತ್ತದೆ. ಅದಕ್ಕೆ ಲೋಟವನ್ನು ಮಗ್ಗದ ಮರೆಯಲ್ಲಿ, ಗಾಳಿ ತಾಗದ ಕಡೆ ಇಡಿ, ಇಲ್ಲವೇ ಸುತ್ತ ಒಂದು ದಪ್ಪ ಬಟ್ಟೆ ಸುತ್ತಿ. ಬರೀ ಬಟ್ಟೆ ಸುತ್ತಿ ಬಾಯಿ ತೆರೆದಿಟ್ಟರೆ ಅಂಥ ಉಪಯೋಗವಿಲ್ಲ. ಮೊದಲು ಮುಚ್ಚಳ, ಆಮೇಲೆ ಬಟ್ಟೆ. ನೆಲ ಗ್ರಾನೈಟ್ ಅಥವಾ ಕಲ್ಲಿನದಾದರೆ ಲೋಟದ ಕೆಳಗೆ ಒಂದು ಮರದ ತುಂಡು ಇಡಿ, ಕಲ್ಲು ತಳದಿಂದ ಶಾಖ ಎಳೆಯುತ್ತದೆ.

ಮಳೆಗಾಲದ ತೇವದ ಗಾಳಿಯಲ್ಲಿ ಚಹಾ ನಿಧಾನ ಆರುತ್ತದೆ, ಬೇಸಿಗೆಯ ಒಣ ಗಾಳಿಯಲ್ಲಿ ಬೇಗ ಆರುತ್ತದೆ ಅಂತ ಕೆಲವರು ನನ್ನನ್ನು ಕೇಳುತ್ತಾರೆ. ಒಗೆದ ಬಟ್ಟೆಯ ವಿಷಯದಲ್ಲಿ ಅದು ನಿಜ. ಬಿಸಿ ಚಹಾದ ವಿಷಯದಲ್ಲಿ ಗಾಳಿಯ ತೇವ ಲೆಕ್ಕಕ್ಕೇ ಬರುವುದಿಲ್ಲ. 80 ಡಿಗ್ರಿಯ ಚಹಾದ ಮೈಯಲ್ಲಿ ಆವಿಯ ಒತ್ತಡ ಎಷ್ಟು ಜೋರಾಗಿರುತ್ತದೆ ಅಂದರೆ, ಹೊರಗೆ ಎಂಥ ಜಡಿಮಳೆ ಇದ್ದರೂ ಆ ಗಾಳಿ ಅದರ ಎದುರು ಒಣಗಿದ ಹಾಗೆಯೇ. ಗಾಳಿ ಬೀಸುತ್ತಿದೆಯೋ ಇಲ್ಲವೋ ಎನ್ನುವುದು ಮುಖ್ಯ, ತೇವ ಎಷ್ಟಿದೆ ಎನ್ನುವುದಲ್ಲ.

ಮಗಳ ಮಾತಿಗೆ ಬರುತ್ತೇನೆ. ಅವಳು ಓದಿದ್ದು ತಪ್ಪಲ್ಲ, ಅದನ್ನು ಹಚ್ಚಿದ ಜಾಗ ಸರಿಯಿಲ್ಲ. ಕಪ್ಪು ಮೈ ಜಾಸ್ತಿ ಶಾಖ ಹೀರುತ್ತದೆ, ಜಾಸ್ತಿ ಬಿಡುತ್ತದೆ ಎನ್ನುವಾಗ, ಬಿಸಿಲಿನಲ್ಲಿ ಹೀರುವುದನ್ನು ಕಣ್ಣಿಗೆ ಕಾಣುವ ಬಣ್ಣ ತೀರ್ಮಾನಿಸುತ್ತದೆ. ಆದರೆ 80 ಡಿಗ್ರಿಯ ಚಹಾ ಬಿಡುವ ಕಿರಣಗಳು ಕಣ್ಣಿಗೆ ಕಾಣುವ ಬೆಳಕಲ್ಲ, ಅವು ಅವಕೆಂಪು ಕಿರಣಗಳು. ಆ ಕಿರಣಗಳ ಮಟ್ಟಿಗೆ ಕರಿ ಚಹಾ, ಹಾಲು ಚಹಾ, ಬರೀ ಹಾಲು, ಬರೀ ನೀರು ಎಲ್ಲವೂ ಬಹುತೇಕ ಒಂದೇ. ಆ ಕಿರಣಗಳ ಲೆಕ್ಕದಲ್ಲಿ ಎಲ್ಲವೂ ಕಪ್ಪು ಬಣ್ಣವೇ. ಅದೇ ಪಾಠದ ಹತ್ತಿರ ಅವಳು ಮುಂದೆ ನ್ಯೂಟನ್ನನ ನಿಯಮವನ್ನೂ ಓದುತ್ತಾಳೆ. ನ್ಯೂಟನ್ ಅದನ್ನು 1701ರಲ್ಲಿ ಹೇಳಿದ್ದು. ವಸ್ತು ಸುತ್ತಲಿನ ಗಾಳಿಗಿಂತ ಎಷ್ಟು ಬಿಸಿ ಇದೆಯೋ ಅದಕ್ಕೆ ತಕ್ಕ ವೇಗದಲ್ಲಿ ಆರುತ್ತದೆ ಅಂತ. ಮುಚ್ಚಿದ ಲೋಟಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ತೆರೆದ ಲೋಟಕ್ಕೆ ಶುರುವಿನ ಕೆಲವು ನಿಮಿಷ ಹೊಂದುವುದಿಲ್ಲ, ಯಾಕೆಂದರೆ ಬಿಸಿ ಏರಿದಂತೆ ಆವಿ ಏಳುವುದು ಆ ನಿಯಮ ಹೇಳುವುದಕ್ಕಿಂತ ಜೋರಾಗಿ ಏರುತ್ತದೆ. ಅವಳ ಹತ್ತಿರ ಥರ್ಮಾಮೀಟರ್ ಇದ್ದರೆ ಎರಡು ನಿಮಿಷಕ್ಕೊಮ್ಮೆ ಬರೆದು ಗ್ರಾಫ್ ಹಾಕಲಿ, ಎರಡೂ ಗೆರೆ ಬೇರೆ ಬೇರೆ ಬಾಗುವುದು ಕಾಣುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಮಾತ್ರ ಬೇಡ. ಅದು 42 ಡಿಗ್ರಿಯವರೆಗೆ ಮಾತ್ರ ತೋರಿಸುತ್ತದೆ, ಗಾಜಿನದಾದರೆ ಬಿಸಿಗೆ ಒಡೆದು ಪಾದರಸ ಚಹಾಕ್ಕೆ ಬೀಳುತ್ತದೆ. ಶಾಲೆಯ ಲ್ಯಾಬಿನದ್ದೂ ಕುಡಿಯುವ ಚಹಾಕ್ಕೆ ಬೇಡ, ಪ್ರಯೋಗಕ್ಕೆ ಬೇರೆ ಬಿಸಿನೀರು ಇಟ್ಟುಕೊಳ್ಳಲಿ.

ಹಾಗಾದರೆ ಅತ್ತೆಯವರ ಚಹಾ ಯಾಕೆ ಬೇಗ ಆರುತ್ತದೆ? ಎರಡು ಕಾರಣ ಇರಬಹುದು. ಒಂದು, ಹಾಲು ಚಹಾದ ಮೇಲೆ ಕೆನೆ ಕಟ್ಟುತ್ತದೆ. ಆ ತೆಳು ಪದರ, ಜೊತೆಗೆ ತೇಲುವ ಜಿಡ್ಡು, ಎರಡೂ ಆವಿ ಏಳುವುದಕ್ಕೆ ಸ್ವಲ್ಪ ಅಡ್ಡಿ ಮಾಡುತ್ತವೆ. ಗಟ್ಟಿ ಎಮ್ಮೆ ಹಾಲಾದರೆ ಇದು ಚೆನ್ನಾಗಿ ಕಾಣುತ್ತದೆ. ಕರಿ ಚಹಾಕ್ಕೆ ಆ ಪದರ ಇಲ್ಲ. ಹಾಲು ಚಹಾವನ್ನು ಚಮಚದಿಂದ ಕಲಕುತ್ತಾ ಇದ್ದರೆ ಕೆನೆ ಒಡೆಯುತ್ತದೆ, ಲಾಭವೂ ಹೋಗುತ್ತದೆ. ಎರಡನೆಯ ಕಾರಣ ಇದಕ್ಕಿಂತ ದೊಡ್ಡದು, ಅದು ಪ್ರಮಾಣ. ಕರಿ ಚಹಾ ಕುಡಿಯುವವರು ಸಾಮಾನ್ಯವಾಗಿ ಅರ್ಧ ಲೋಟವೇ ತೆಗೆದುಕೊಳ್ಳುವುದು. ಅರ್ಧ ಲೋಟವಾದರೂ ಮೇಲಿನ ಬಾಯಿ ಅಷ್ಟೇ ಅಗಲ. ಆವಿ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ, ಅದನ್ನು ತಾಳಿಕೊಳ್ಳುವ ಚಹಾ ಮಾತ್ರ ಅರ್ಧ. ಅವರಿಗೆ ಬಾಯಿ ಕಿರಿದಾದ ಸಣ್ಣ ಲೋಟದಲ್ಲಿ, ತುಂಬಾ ಕೊಡಿ. ಅಗಲ ಬಾಯಿಯ ಕಪ್ಪಿನಲ್ಲಿ ತಳಕ್ಕೆ ಹಾಕಿ ಕೊಡಬೇಡಿ.

ಮೈದುನರ ಮಾತು ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ತಣ್ಣಗಿನ ಹಾಲು ಹಾಕಿದರೆ ಚಹಾ ಇಳಿಯುತ್ತದೆ, ಆದ್ದರಿಂದ ಅದನ್ನು ಆದಷ್ಟು ತಡವಾಗಿ ಹಾಕಬೇಕು ಎನ್ನುವುದು ಅವರ ವಾದ. ಅಂಕಿ ಹಾಕಿ ನೋಡೋಣ. 85 ಡಿಗ್ರಿಯ ಕರಿ ಚಹಾ 100 ಮಿಲಿ, 25 ಡಿಗ್ರಿಯ ಹಾಲು 30 ಮಿಲಿ, ತೆರೆದ ಸ್ಟೀಲ್ ಲೋಟ, ಹತ್ತು ನಿಮಿಷ ಬಿಟ್ಟು ಕುಡಿಯುವುದು.

ಹಾಲು ಮೊದಲೇ ಹಾಕಿದರೆ ಚಹಾ ಒಮ್ಮೆಲೇ 71ಕ್ಕೆ ಇಳಿಯುತ್ತದೆ. ಆದರೆ 71 ಡಿಗ್ರಿಯಲ್ಲಿ ಆವಿ ಏಳುವುದು 85ರಲ್ಲಿ ಏಳುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಲೋಟದಲ್ಲಿ ಚಹಾವೂ 130 ಮಿಲಿ ಆಗಿದೆ. ಹಾಗಾಗಿ ನಿಧಾನವಾಗಿ ಇಳಿದು ಹತ್ತು ನಿಮಿಷಕ್ಕೆ 56 ಡಿಗ್ರಿಗೆ ಬರುತ್ತದೆ. ಹಾಲು ಕೊನೆಗೆ ಹಾಕುವುದಾದರೆ, ಬರೀ 100 ಮಿಲಿ ಚಹಾ 85ರಿಂದ ಜೋರಾಗಿ ಆವಿ ಬಿಡುತ್ತಾ ಹತ್ತು ನಿಮಿಷಕ್ಕೆ 60ಕ್ಕೆ ಬಂದಿರುತ್ತದೆ. ಆಮೇಲೆ ತಣ್ಣಗಿನ ಹಾಲು ಬಿದ್ದು 52 ಆಗುತ್ತದೆ. ಮೊದಲೇ ಹಾಕಿದ್ದು ನಾಲ್ಕು ಡಿಗ್ರಿ ಹೆಚ್ಚು ಬಿಸಿ ಇದೆ. ಈ ಲೆಕ್ಕ ನಡೆಯುವುದು ಲೋಟ ತೆರೆದಿದ್ದಾಗ, ಹಾಲು ತಣ್ಣಗಿದ್ದಾಗ. ಮುಚ್ಚಿಟ್ಟ ಲೋಟದಲ್ಲಿ ಈ ಅಂತರ ತುಂಬಾ ಕಡಿಮೆಯಾಗುತ್ತದೆ. ಹಾಲನ್ನು ಬೇರೆ ಕಾಯಿಸಿ ಬಿಸಿಯಾಗಿಯೇ ಹಾಕುವುದಾದರೆ ತಡವಾಗಿ ಹಾಕಿದರೂ ನಷ್ಟವಿಲ್ಲ, ಬೇಕಿದ್ದರೆ ಲಾಭವೇ. ನಿಮ್ಮ ಮನೆಯ ಹಾಗೆ ಹಾಲು, ಸಕ್ಕರೆ, ಪುಡಿ ಎಲ್ಲಾ ಒಟ್ಟಿಗೆ ಕುದಿಸಿದರೆ ಈ ಪ್ರಶ್ನೆಯೇ ಬರುವುದಿಲ್ಲ. ಸಕ್ಕರೆ ಒಂದು ಚಮಚ ಹೆಚ್ಚಾದರೂ ಕಡಿಮೆಯಾದರೂ ಆರುವುದರಲ್ಲಿ ಕಾಣುವಂಥ ವ್ಯತ್ಯಾಸ ಇಲ್ಲ.

ಈಗ ಒಂದು ಎಚ್ಚರಿಕೆ. ಇಷ್ಟೆಲ್ಲಾ ಮಾಡಿ ಮುಚ್ಚಿಟ್ಟ ಚಹಾ ಹದಿನೈದು ನಿಮಿಷದ ನಂತರವೂ 70 ಡಿಗ್ರಿ ಇರುತ್ತದೆ ಅಂದೆ. ಅದನ್ನು ಹಾಗೇ ಗಟಗಟ ಕುಡಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವು ಎಂಬ ಗುಂಪಿಗೆ ಸೇರಿಸಿದೆ. ತೊಂದರೆ ಚಹಾದಲ್ಲಿಲ್ಲ, ಸುಡುವ ಬಿಸಿಯಲ್ಲಿದೆ. 55ರಿಂದ 60 ಡಿಗ್ರಿ ಕುಡಿಯುವುದಕ್ಕೆ ಹದವಾದ ಬಿಸಿ. ಥರ್ಮಾಮೀಟರ್ ಬೇಕಿಲ್ಲ, ಊದದೆ ಒಂದು ಪೂರ್ತಿ ಗುಟುಕು ಬಾಯಲ್ಲಿ ಹಿಡಿಯಲು ಆಗದಿದ್ದರೆ ಅದು ಇನ್ನೂ ಜಾಸ್ತಿ ಬಿಸಿ ಇದೆ.

ಆ ಹದಕ್ಕೆ ತರಲು ನಮ್ಮ ಹಿರಿಯರ ಬಶಿಗಿಂತ ಒಳ್ಳೆಯ ಸಾಧನ ಇಲ್ಲ. ಬಶಿಯಲ್ಲಿ ಚಹಾ ತೆಳ್ಳಗೆ ಹರಡಿ ಆವಿ ಬೇಗ ಏಳುತ್ತದೆ ಎನ್ನುವುದು ಒಂದು. ಅದಕ್ಕಿಂತ ಬೇಗ ಕೆಲಸ ಮಾಡುವುದು ಬಶಿಯ ತಣ್ಣಗಿನ ಪಿಂಗಾಣಿ. ನಲವತ್ತು ಮಿಲಿಯಷ್ಟು 70 ಡಿಗ್ರಿಯ ಚಹಾ ತಣ್ಣಗಿನ ಬಶಿಗೆ ಬಿದ್ದರೆ ಒಂದು ನಿಮಿಷದ ಒಳಗೇ 60ಕ್ಕಿಂತ ಕೆಳಗೆ ಬರುತ್ತದೆ. ಎರಡನೇ ಸಲ ಸುರಿಯುವಾಗ ಬಶಿ ಬಿಸಿಯಾಗಿರುವುದರಿಂದ ಅಷ್ಟು ಬೇಗ ಇಳಿಯುವುದಿಲ್ಲ, ಅಷ್ಟರಲ್ಲಿ ಲೋಟದ ಚಹಾವೇ ಇಳಿದಿರುತ್ತದೆ. ಹಾಗಾಗಿ ಬಶಿಯನ್ನು ಲೋಟದ ಮೇಲೆ ಮುಚ್ಚುವ ಬದಲು ಪಕ್ಕದಲ್ಲಿ ತಣ್ಣಗೆ ಇಡಿ. ಮುಚ್ಚುವುದಕ್ಕೆ ಹಗುರವಾದ ಸ್ಟೀಲ್ ಮುಚ್ಚಳವೇ ಸರಿ, ಅದು ತಾನು ಬಿಸಿಯಾಗಲು ಕಡಿಮೆ ಶಾಖ ಕೇಳುತ್ತದೆ. ಬಶಿ ಬೇಡ ಎನ್ನುವವರಾದರೆ ಕುಡಿಯುವುದಕ್ಕೆ ನಾಲ್ಕೈದು ನಿಮಿಷ ಮೊದಲು ಮುಚ್ಚಳ ತೆಗೆದರೆ ಸಾಕು. ಮುಚ್ಚಳ ಎತ್ತುವಾಗ ಒಳಗಿನ ಬಿಸಿ ಹನಿ ನೇಯ್ದ ಸೀರೆ ಮೇಲೆ ಬೀಳದಂತೆ ಆಚೆಗೆ ಓರೆ ಮಾಡಿ ಎತ್ತಲಿ.

ಫ್ಲಾಸ್ಕ್ ಬೇಕಾಗುವುದು ಕಾಯುವ ಹೊತ್ತು ಅರ್ಧ ಗಂಟೆ ದಾಟಿದಾಗ. ಸೆರಗಿಗೆ ಕೊಂಡಿ ಹಾಕುವಂಥ ಕೆಲಸಕ್ಕೆ ಕೂತರೆ ನಡುವೆ ಏಳುವಂತಿಲ್ಲ ಅಂತ ಕೇಳಿದ್ದೇನೆ. ಅಂಥ ದಿನಕ್ಕೆ ತರುವುದಾದರೆ ನಿರ್ವಾತದ ಫ್ಲಾಸ್ಕೇ ತನ್ನಿ, ಎರಡು ಗೋಡೆಯ ನಡುವೆ ಬರೀ ಗಾಳಿ ಇರುವುದನ್ನಲ್ಲ. ಕುದಿ ನೀರು ತುಂಬಿಸಿ ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ ನೋಡಿ. ನಿರ್ವಾತ ಸರಿಯಿದ್ದರೆ ಹೊರಮೈ ತಣ್ಣಗೇ ಇರುತ್ತದೆ. ಬೆಚ್ಚಗಾದರೆ ಅದು ಕೆಟ್ಟಿದೆ. ಆ ನೀರು ಚೆಲ್ಲಿ, ಬಿಸಿಯಾದ ಫ್ಲಾಸ್ಕಿಗೆ ಚಹಾವನ್ನು ಬಾಯಿಯವರೆಗೆ ತುಂಬಿಸಬೇಕು. ಲೀಟರ್ ಫ್ಲಾಸ್ಕಿನಲ್ಲಿ ಒಂದು ಕಪ್ ಹಾಕಿದರೆ ಬೇಗ ಆರುತ್ತದೆ, ಒಬ್ಬರಿಗೆ ಕಾಲು ಲೀಟರಿನದು ಸಾಕು.

ಫ್ಲಾಸ್ಕಿನಲ್ಲಿ ಹಾಲು ಚಹಾ ಇಡುವುದರಲ್ಲಿ ಒಂದು ಅಪಾಯವೂ ಇದೆ. ಕುದಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಗಳು ಹಾಲಿನಲ್ಲಿ ಉಳಿದಿರುತ್ತವೆ. ಚಹಾ 60 ಡಿಗ್ರಿಗಿಂತ ಮೇಲೆ ಇರುವವರೆಗೆ ಅವು ಬೆಳೆಯುವುದಿಲ್ಲ. ಬೆಚ್ಚಗಿನ ಹಂತಕ್ಕೆ ಇಳಿದ ಮೇಲೆ ಬೆಳೆಯುತ್ತವೆ. ಅದಕ್ಕೇ ಬೆಳಿಗ್ಗೆ ತುಂಬಿಸಿದ ಹಾಲು ಚಹಾ ಮಧ್ಯಾಹ್ನ ಬರೀ ಬೆಚ್ಚಗೆ ಬಂದರೆ ಚೆಲ್ಲಿಬಿಡಿ, ಕಾಯಿಸಿ ಕುಡಿಯಬೇಡಿ. ಮುಚ್ಚಳದ ರಬ್ಬರ್ ಬಳೆಯನ್ನು ದಿನಾ ಬಿಚ್ಚಿ ತೊಳೆಯಬೇಕು, ಹಾಲು ಸೇರಿಕೊಳ್ಳುವುದು ಅಲ್ಲೇ. ಬಹಳ ಹೊತ್ತು ಇಡಬೇಕಾದರೆ ಕರಿ ಚಹಾ ಮತ್ತು ಸಕ್ಕರೆ ಮಾತ್ರ ಫ್ಲಾಸ್ಕಿಗೆ ಹಾಕಿ, ಕುಡಿಯುವ ಹೊತ್ತಿಗೆ ಹಾಲು ಕಾಯಿಸಿ ಬೆರೆಸಿ ಕೊಡಿ. ಮೈದುನರ ಉಪಾಯ ಸರಿಹೊಂದುವುದು ಈ ಒಂದು ಕಡೆ.